ಒಳ್ಳೆಯ ಮನೆ, ಕಿಕ್ಕಿರಿದ ಊರು: ಹೇಗೆ ಬರೆಯಲಿ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಬಿಡುವಿದ್ದಾಗ ಪತ್ರಿಕೆಗಳಿಗೆ ಬರೆಯುತ್ತೇನೆ. ಒಂದು ಮಾಸಪತ್ರಿಕೆಗೆ ಪ್ರವಾಸ ಲೇಖನ ಕೊಡುತ್ತೇನೆಂದು ಒಪ್ಪಿಕೊಂಡು, ಅಕ್ಟೋಬರಿನ ಒಂದು ವಾರಾಂತ್ಯ ಗಂಡ ಮತ್ತು ಹತ್ತು ವರ್ಷದ ಮಗನ ಜೊತೆ ಮಡಿಕೇರಿ ಹತ್ತಿರದ ಕಾಫಿ ತೋಟದ ಹೋಂಸ್ಟೇಯಲ್ಲಿ ಎರಡು ರಾತ್ರಿ ಉಳಿದೆವು. ಮನೆಯ ಅಕ್ಕ ನಮ್ಮನ್ನು ತವರಿಗೆ ಬಂದವರ ಹಾಗೆ ನೋಡಿಕೊಂಡರು. ಅಂಥ ಕಡುಬಿಟ್ಟು, ಪಂದಿ ಕರಿ ನಾನು ಎಲ್ಲಿಯೂ ತಿಂದಿಲ್ಲ. ನಾನು ಬರೆಯುವವಳೆಂದು ನನ್ನ ಗಂಡ ಮೊದಲ ದಿನವೇ ಹೇಳಿಬಿಟ್ಟಿದ್ದರು. ಹೊರಡುವಾಗ ಮಗನ ಲೆಕ್ಕ ಮಾತ್ರ ತೆಗೆದುಕೊಳ್ಳಲಿಲ್ಲ, ‘ಮಗು ನಮ್ಮನೆಯದೇ’ ಅಂದರು. ಆದರೆ ಶನಿವಾರ ರಾಜಾಸೀಟಿನ ಹತ್ತಿರ ಕಾರು ನಿಲ್ಲಿಸಲು ಜಾಗವಿಲ್ಲದೆ ನಲವತ್ತು ನಿಮಿಷ ಸುತ್ತಿದೆವು. ಭಾನುವಾರ ಅಬ್ಬಿ ಜಲಪಾತದ ದಾರಿಯಲ್ಲಿ ಒಂದು ಗಂಟೆ ನಿಂತೆವು. ಪಕ್ಕದ ತೋಟದ ರೆಸಾರ್ಟಿನವರು ರಾತ್ರಿ ಹನ್ನೊಂದೂವರೆವರೆಗೆ ಹಾಡು ಹಾಕಿದ್ದರು. ಬಿಸಿನೀರು ಸರಿಯಾಗಿ ಬರಲಿಲ್ಲ, ತೋಟದ ರಸ್ತೆಯಲ್ಲಿ ಕಾರಿನ ಅಡಿ ತಾಗಿತು, ಫೋನಿಗೆ ಸಿಗ್ನಲ್ ಇರಲಿಲ್ಲ, ಜಿಗಣೆ ಬೇರೆ. ಖರ್ಚು ಅಂದುಕೊಂಡದ್ದಕ್ಕಿಂತ ತುಂಬಾ ಹೆಚ್ಚಾಯಿತು. ಇದೆಲ್ಲ ಬರೆದರೆ ಆ ಅಕ್ಕನಿಗೆ ದ್ರೋಹ, ಬರೆಯದಿದ್ದರೆ ಓದುಗರಿಗೆ ಮೋಸ. ಸಂಪಾದಕರಿಗೆ ‘ಭೂಲೋಕದ ಸ್ವರ್ಗ’ ಅನ್ನುವ ಧಾಟಿ ಬೇಕು. ಎರಡು ವಾರದಿಂದ ಒಂದು ಪುಟವೂ ಮುಂದೆ ಹೋಗಿಲ್ಲ, ರಾತ್ರಿ ಸರಿಯಾಗಿ ನಿದ್ದೆಯೂ ಬರುತ್ತಿಲ್ಲ. ಏನು ಮಾಡಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ‘ಉಂಡ ಮನೆಯ ಜಂತೆ ಎಣಿಸಬಾರದು’ ಅನ್ನುವುದನ್ನು ಕೇಳುತ್ತ ಬೆಳೆದವರು ನಾವು. ಒಬ್ಬರು ಕೈಯಾರೆ ಬಡಿಸಿ, ನಮ್ಮ ಮಗುವನ್ನು ತಮ್ಮದೆಂದು ಕಂಡ ಮೇಲೆ ಅವರ ಮನೆಯ ಬಿಸಿನೀರಿನ ಬಗ್ಗೆ ಬರೆಯಲು ಕೈ ಏಳದಿರುವುದು ಸಹಜ. ಹಾಗೆ ಕೈ ತಡೆದದ್ದಕ್ಕೆ ನೀವು ನಾಚಿಕೆಪಡಬೇಕಾಗಿಲ್ಲ. ಪ್ರವಾಸ ಲೇಖನ ಬರೆಯುವ ಎಷ್ಟೋ ಮಂದಿಗೆ ಈ ಸಂಕಟ ಇದೆ. ಹೆಚ್ಚಿನವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ‘ಸ್ವಲ್ಪ ಜನಜಂಗುಳಿ ಇರುತ್ತದೆ’ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿ ಮುಂದೆ ಹೋಗುತ್ತಾರೆ.

ಆದರೆ ಒಂದು ವಿಷಯವನ್ನು ನೀವು ಬಿಡಿಸಿ ನೋಡಿಲ್ಲ ಅನಿಸುತ್ತದೆ. ನಿಮ್ಮ ದೂರುಗಳೆಲ್ಲ ಒಂದೇ ಗಂಟಿನಲ್ಲಿವೆ, ಆ ಗಂಟನ್ನು ಪೂರ್ತಿಯಾಗಿ ಆ ಅಕ್ಕನ ತಲೆಯ ಮೇಲೆ ಇಟ್ಟಿದ್ದೀರಿ. ಅದಕ್ಕೇ ಬರೆಯಲು ಹೊರಟಾಗಲೆಲ್ಲ ದ್ರೋಹ ಅನಿಸುತ್ತಿದೆ. ಗಂಟು ಬಿಚ್ಚಿ, ಯಾವುದು ಯಾರದು ಎಂದು ಬೇರೆ ಮಾಡಿ. ನನ್ನ ಅನುಭವದಲ್ಲಿ ಇಂಥ ಲೇಖನದ ಮುಕ್ಕಾಲು ಕಷ್ಟ ಅಲ್ಲಿಯೇ ಕಳೆಯುತ್ತದೆ.

ರಾಜಾಸೀಟಿನ ಬಳಿ ಜಾಗ ಸಿಗದಿರುವುದು ಮತ್ತು ಅಬ್ಬಿಯ ದಾರಿಯಲ್ಲಿ ಕಾರುಗಳು ನಿಂತುಬಿಡುವುದು ಊರಿನ ಸಂಗತಿ. ಮಡಿಕೇರಿ ಗುಡ್ಡದ ಮೇಲಿನ ಸಣ್ಣ ಪಟ್ಟಣ, ಅದರ ರಸ್ತೆಗಳು ಅಲ್ಲಿನ ಜನರಿಗೆಂದು ಆದವು. ಕೊಡಗಿಗೆ ರೈಲಿಲ್ಲ, ಹಾಗಾಗಿ ಬರುವವರೆಲ್ಲ ರಸ್ತೆಯಲ್ಲೇ ಬರಬೇಕು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ ದಾರಿಯ ಮೊದಲರ್ಧ ಚುರುಕಾಗಿದೆ, ಗುಡ್ಡದ ಮೇಲಿನ ರಸ್ತೆ ಮಾತ್ರ ಅಷ್ಟೇ ಅಗಲ ಉಳಿದಿದೆ. ಅಬ್ಬಿಗೆ ಹೋಗುವುದಂತೂ ಕಾಫಿ ತೋಟಗಳ ನಡುವಿನ ಇಕ್ಕಟ್ಟಾದ ದಾರಿ, ಎದುರಿನಿಂದ ಒಂದು ಟೆಂಪೋ ಟ್ರಾವೆಲರ್ ಬಂದರೆ ಸಾಕು. ಇದರಲ್ಲಿ ಯಾವುದೂ ನಿಮ್ಮ ಅಕ್ಕನ ಕೈಯಲ್ಲಿಲ್ಲ. ಬೆಟ್ಟದ ಊರುಗಳ ಜನಸಂದಣಿ ಈಗ ಗುಟ್ಟಾಗಿಯೂ ಉಳಿದಿಲ್ಲ. ಮದ್ರಾಸ್ ಹೈಕೋರ್ಟಿನ ಆದೇಶದಂತೆ ಊಟಿ ಮತ್ತು ಕೊಡೈಕೆನಾಲ್‌ಗೆ ಹೋಗುವ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್ ಬಂತು. ನ್ಯಾಯಾಲಯವೇ ಚರ್ಚಿಸಿದ ವಿಷಯವನ್ನು ನೀವು ಬರೆದರೆ ಅದು ಯಾರ ಮನೆಯ ಮಾನಹರಣವೂ ಅಲ್ಲ.

ಹಾಡಿನ ಗದ್ದಲ ಪಕ್ಕದವರದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳಲ್ಲೇ ಇದೆ. ಆದ್ದರಿಂದ ಹನ್ನೊಂದೂವರೆವರೆಗೆ ನಡೆದದ್ದನ್ನು ಬರೆಯಲು ಹಿಂಜರಿಯಬೇಡಿ. ಆದರೆ ಆ ಸದ್ದು ಎಲ್ಲಿಂದ ಬಂತೆಂದು ಸ್ಪಷ್ಟವಾಗಿ ಹೇಳಿ, ಇಲ್ಲವಾದರೆ ಓದುಗರು ಅದನ್ನು ನೀವು ಇದ್ದ ಮನೆಯ ತಲೆಗೇ ಕಟ್ಟುತ್ತಾರೆ. ಜಿಗಣೆ ಮಳೆಗಾಲದ್ದು. ಅಕ್ಟೋಬರಿನಲ್ಲೂ ನೆಲ ಒದ್ದೆಯಿದ್ದರೆ ತೋಟದಲ್ಲಿ ಅವು ಇದ್ದೇ ಇರುತ್ತವೆ, ಬೇಸಿಗೆಯಲ್ಲಿ ಹೋದವರಿಗೆ ಒಂದೂ ಕಾಣದಿರಬಹುದು. ಅದು ಕುಂದಲ್ಲ, ಮಾಹಿತಿ. ಉದ್ದನೆಯ ಕಾಲುಚೀಲ ಹಾಕಿಕೊಂಡು ಬನ್ನಿ ಎಂದರೆ ಮುಗಿಯಿತು.

ಇಷ್ಟು ಕಳೆದ ಮೇಲೆ ನಿಜವಾಗಿ ಆ ಮನೆಗೆ ಸೇರಿದ್ದು ಎರಡೇ ಉಳಿಯುತ್ತವೆ: ಬಿಸಿನೀರು, ಮತ್ತು ರಸ್ತೆ ಹಾಗೂ ಸಿಗ್ನಲ್ ಬಗ್ಗೆ ಮೊದಲೇ ಹೇಳದಿದ್ದದ್ದು. ರಸ್ತೆ ಕೆಟ್ಟದ್ದಾಗಿರುವುದು ತಪ್ಪಲ್ಲ, ತೋಟದ ರಸ್ತೆ ಇರುವುದೇ ಹಾಗೆ. ಆದರೆ ಬುಕ್ ಮಾಡುವಾಗ ‘ಸಣ್ಣ ಕಾರಾದರೆ ಗೇಟಿನ ಹತ್ತಿರ ನಿಲ್ಲಿಸಿ, ನಮ್ಮ ಜೀಪು ಕಳಿಸುತ್ತೇವೆ’ ಎಂದು ಹೇಳಬಹುದಿತ್ತು. ಇದನ್ನು ನೀವು ಬರೆದರೆ ಮುಂದಿನವರ ಕಾರು ಉಳಿಯುತ್ತದೆ, ಅಕ್ಕನಿಗೆ ಮುಂದೆ ಹಾಗೆ ಹೇಳುವ ರೂಢಿ ಬಂದರೂ ಬರಬಹುದು.

ಬಿಸಿನೀರಿನ ಮಾತನ್ನು ಬರೆಯುವ ಮೊದಲು ಅವರಿಗೆ ಒಂದು ಫೋನ್ ಮಾಡಿ. ನಿಮಗೆ ಇದೇ ಅತಿ ಕಷ್ಟದ ಕೆಲಸ ಅನಿಸಬಹುದು, ಆದರೂ ಇದನ್ನು ಬಿಡಬೇಡಿ. ‘ಅಕ್ಕಾ, ಲೇಖನ ಬರೆಯುತ್ತಿದ್ದೇನೆ. ಬೆಳಿಗ್ಗೆ ಎಂಟರ ಹೊತ್ತಿಗೆ ನಮ್ಮ ಕೋಣೆಗೆ ನೀರು ಉಗುರುಬೆಚ್ಚಗೆ ಬರುತ್ತಿತ್ತು. ಯಾಕೆಂದು ಕೇಳಬಹುದಾ?’ ಎಂದು ನೇರವಾಗಿ ಕೇಳಿ. ಸೋಲಾರ್ ಇದ್ದರೆ ಮೋಡದ ದಿನಗಳಲ್ಲಿ ಸಾಲುವುದಿಲ್ಲ. ಸೌದೆ ಬಾಯ್ಲರ್ ಇದ್ದರೆ ಮೊದಲ ಕೋಣೆಯವರು ಸ್ನಾನ ಮಾಡಿದ ಮೇಲೆ ನೀರು ಮತ್ತೆ ಕಾಯಲು ಹೊತ್ತು ಬೇಕು. ಅವರು ಹೇಳುವ ಕಾರಣವನ್ನೂ ಲೇಖನದಲ್ಲಿ ಸೇರಿಸಿ. ‘ಬಿಸಿನೀರು ಸರಿಯಿಲ್ಲ’ ಎಂದರೆ ಅದು ತೀರ್ಪು. ‘ಸೌದೆ ಬಾಯ್ಲರ್ ಆದ್ದರಿಂದ ಏಳೂವರೆಯ ಒಳಗೆ ಸ್ನಾನ ಮುಗಿಸುವುದು ಒಳ್ಳೆಯದು, ನಾವು ಎಂಟಕ್ಕೆ ಹೋಗಿ ಉಗುರುಬೆಚ್ಚಗಿನ ನೀರಲ್ಲಿ ಮಿಂದೆವು’ ಎಂದರೆ ಓದುಗರಿಗೆ ಉಪಯೋಗ, ಮನೆಯವರಿಗೂ ನ್ಯಾಯ. ಸಂಗತಿ ಸರಿಯೇ ಎಂದು ಅವರನ್ನು ಕೇಳಿ, ಆದರೆ ಇಡೀ ಕರಡನ್ನು ಒಪ್ಪಿಗೆಗೆಂದು ಕಳಿಸಬೇಡಿ. ಕಳಿಸಿದರೆ ಅವರು ಸಂಕೋಚದಿಂದ ಏನಾದರೂ ತೆಗೆಯಲು ಹೇಳುತ್ತಾರೆ, ನೀವು ಸಂಕೋಚದಿಂದ ತೆಗೆಯುತ್ತೀರಿ. ಆಮೇಲೆ ಆ ಬರಹ ನಿಮ್ಮದಾಗಿ ಉಳಿಯುವುದಿಲ್ಲ.

ಇನ್ನು ಜನಸಂದಣಿ. ‘ತುಂಬಾ ರಶ್ಶು’ ಎಂಬ ಮಾತಿನಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಬ್ಬರಿಗೆ ಅದು ಉತ್ಪ್ರೇಕ್ಷೆ, ಇನ್ನೊಬ್ಬರಿಗೆ ಎಲ್ಲ ಕಡೆ ಇರುವುದೇ. ದಿನ, ಹೊತ್ತು, ಕಾದ ಸಮಯ, ಈ ಮೂರನ್ನು ಬರೆಯಿರಿ. ‘ಶನಿವಾರ ಸಂಜೆ ಐದಕ್ಕೆ ರಾಜಾಸೀಟಿನ ಬಳಿ ಬಂದೆವು. ಕಾರು ನಿಲ್ಲಿಸಲು ಜಾಗ ಸಿಕ್ಕಾಗ ಐದೂ ನಲವತ್ತು. ಒಳಗೆ ಹೋಗುವಷ್ಟರಲ್ಲಿ ಕಟಕಟೆಯ ಉದ್ದಕ್ಕೂ ಜನ, ಸೂರ್ಯಾಸ್ತವನ್ನು ನನ್ನ ಮಗ ಅವನ ಅಪ್ಪನ ಹೆಗಲೇರಿ ನೋಡಿದ.’ ಇಷ್ಟಿದ್ದರೆ ನಿಮ್ಮ ಅಭಿಪ್ರಾಯವನ್ನು ಬೇರೆಯಾಗಿ ಹೇಳುವ ಅಗತ್ಯವೇ ಇಲ್ಲ. ಓದುಗರು ತಮ್ಮ ವಯಸ್ಸಾದ ತಾಯಿಯನ್ನೋ ಎಳೆಯ ಮಗುವನ್ನೋ ಮನಸ್ಸಿನಲ್ಲಿಟ್ಟುಕೊಂಡು ತಾವೇ ತೀರ್ಮಾನಿಸುತ್ತಾರೆ.

ಇಲ್ಲಿ ನಿಮಗೆ ಒಂದು ಮಿತಿಯೂ ಇದೆ. ನೀವು ನೋಡಿದ್ದು ಒಂದು ವಾರಾಂತ್ಯ, ಅದೂ ಅಕ್ಟೋಬರಿನದು. ಮಡಿಕೇರಿ ದಸರಾ, ತಲಕಾವೇರಿಯ ತೀರ್ಥೋದ್ಭವ ಎರಡೂ ಹೆಚ್ಚುಕಡಿಮೆ ಅದೇ ಸುಮಾರಿಗೆ ಬರುತ್ತವೆ. ಹಾಗಾಗಿ ‘ಮಡಿಕೇರಿ ಯಾವಾಗಲೂ ಹೀಗೆ’ ಎನ್ನುವ ಹಕ್ಕು ನಿಮಗಿಲ್ಲ. ಮಂಗಳವಾರ, ಬುಧವಾರ ಹೇಗಿರುತ್ತದೆಂದು ಅಲ್ಲಿನ ಒಬ್ಬ ಆಟೋದವರನ್ನು, ರಾಜಾಸೀಟಿನ ಹತ್ತಿರದ ಒಬ್ಬ ಅಂಗಡಿಯವರನ್ನು ಕೇಳಿ. ಅವರ ಮಾತನ್ನು ಅವರದೆಂದೇ ಬರೆಯಿರಿ. ಸಾಧ್ಯವಾದರೆ ಅವರಿಗೆ ಈ ಗದ್ದಲ ಹೇಗನಿಸುತ್ತದೆ ಎಂದೂ ಕೇಳಿ. ಪ್ರವಾಸಿಗರಿಗೆ ಒಂದು ಗಂಟೆ ಕಾಯುವ ಬೇಸರವಾದರೆ, ಊರಿನವರು ಅದೇ ರಸ್ತೆಯಲ್ಲಿ ಆಸ್ಪತ್ರೆಗೆ, ಶಾಲೆಗೆ ಹೋಗಬೇಕು. ಈ ಕಡೆಯ ಮಾತು ನಮ್ಮ ಪ್ರವಾಸ ಲೇಖನಗಳಲ್ಲಿ ಬರುವುದೇ ಅಪರೂಪ, ಅದು ಬರಬೇಕೆಂದು ನನಗೆ ತುಂಬಾ ಆಸೆಯಿದೆ.

ಖರ್ಚಿನ ವಿಷಯದಲ್ಲಿ ನೀವು ಇನ್ನೂ ನಿಷ್ಠುರವಾಗಿರಬೇಕು ಅನ್ನುತ್ತೇನೆ, ಯಾಕೆಂದರೆ ಓದುಗರು ನಿಜಕ್ಕೂ ಪೆಟ್ಟು ತಿನ್ನುವುದು ಇಲ್ಲಿ. ನಿಮ್ಮ ಕಾಗದದ ಜೊತೆ ಲಗತ್ತಿಸಿದ ಲೆಕ್ಕದ ಚೀಟಿ ನೋಡಿದೆ. ದರ ತಲೆಗೆ ದಿನಕ್ಕೆ 3,000 ರೂಪಾಯಿ, ರಾತ್ರಿಯೂಟ ಮತ್ತು ಬೆಳಗಿನ ತಿಂಡಿ ಸೇರಿ. ಹೋಂಸ್ಟೇಗಳಲ್ಲಿ ಹೀಗೆ ತಲೆಲೆಕ್ಕ ಹೇಳುವುದು ರೂಢಿ. ಹೋಟೆಲಿನ ಕೋಣೆ ಬಾಡಿಗೆಗೆ ಒಗ್ಗಿಕೊಂಡವರು 3,000ವನ್ನು ಕೋಣೆಯ ದರ ಎಂದುಕೊಂಡುಬಿಡುತ್ತಾರೆ. ಆದ್ದರಿಂದ ‘ತಲೆಗೆ’ ಅನ್ನುವುದನ್ನು ಎದ್ದು ಕಾಣುವಂತೆ ಬರೆಯಿರಿ. ನಿಮ್ಮಿಬ್ಬರಿಗೆ ಎರಡು ರಾತ್ರಿಗೆ 12,000 ಆಯಿತು. ಮಗನಿಗೆ ಅರ್ಧ ದರದಂತೆ 3,000 ಆಗಬೇಕಿತ್ತು, ಅಕ್ಕ ತೆಗೆದುಕೊಳ್ಳಲಿಲ್ಲ. ಪೆಟ್ರೋಲಿಗೆ 4,000, ಟೋಲ್ ಮತ್ತು ದಾರಿಯ, ಮಧ್ಯಾಹ್ನದ ಊಟಗಳಿಗೆ 2,500, ಮಾಂದಲಪಟ್ಟಿಯ ಜೀಪಿಗೆ 2,000, ಬೆಂಕಿ ಹಾಕಿಸಿದ್ದಕ್ಕೆ 500, ಟಿಕೆಟ್ಟು ಮತ್ತು ಪಾರ್ಕಿಂಗಿಗೆ 500. ನಿಮ್ಮ ಕೈಯಿಂದ ಹೋದದ್ದು 21,500. ಆದರೆ ನಿಮ್ಮಂತೆಯೇ ಹೋಗುವ ಇನ್ನೊಂದು ಕುಟುಂಬಕ್ಕೆ ತಗಲುವುದು 24,500. ಲೇಖನದಲ್ಲಿ ಹಾಕಬೇಕಾದದ್ದು ಈ ಎರಡನೆಯ ಮೊತ್ತ.

ಹೊರಡುವ ಮುಂಚೆ ನೀವು ಎಷ್ಟಾಗಬಹುದು ಅಂದುಕೊಂಡಿದ್ದಿರಿ ಎಂದು ನೀವು ಬರೆದಿಲ್ಲ. ‘ಒಂದು ಹದಿನೈದು ಸಾವಿರ’ ಎಂದು ಅಂದುಕೊಂಡಿದ್ದರೆ ಅದನ್ನೂ ಹೇಳಿ. ಉಳಿಯುವ ಲೆಕ್ಕ ಹದಿನೈದೇ, ಮಿಕ್ಕದ್ದು ದಾರಿ ಮತ್ತು ಸುತ್ತಾಟದ್ದು ಎಂದು ಬಿಡಿಸಿ ತೋರಿಸಿದರೆ ಅಕ್ಕ ದುಬಾರಿ ಎಂಬ ಭಾವನೆಯೂ ಬರುವುದಿಲ್ಲ. ಜೀಪಿನ ಬಾಡಿಗೆ ತಲೆಗಲ್ಲ, ಇಡೀ ಗಾಡಿಗೆ ಎನ್ನುವಂಥ ಸಣ್ಣ ವಿವರ ಬಿಡಬೇಡಿ, ಮೂರು ಜನ ಹೋದರೂ ಆರು ಜನ ಹೋದರೂ ಅಷ್ಟೇ ಎಂದು ತಿಳಿದರೆ ಇನ್ನೊಂದು ಕುಟುಂಬದ ಜೊತೆ ಹಂಚಿಕೊಳ್ಳುತ್ತಾರೆ. ಕಳಿಸುವ ಮೊದಲು ಬೇರೆಯವರಿಂದ, ನಿಮ್ಮ ಹೆಸರು ಹೇಳದೆ, ಆ ಹೋಂಸ್ಟೇಗೆ ಫೋನ್ ಮಾಡಿಸಿ. ವಾರದ ನಡುವಿನ ದರ, ಶನಿವಾರದ ದರ, ಡ್ರೈವರ್ ಇದ್ದರೆ ಅವರ ಮಲಗುವ ವ್ಯವಸ್ಥೆ ಇವಿಷ್ಟು ಕೇಳಿಸಿ. ನಿಮಗೆ ಹೇಳಿದ ದರವೇ ಬೇರೆಯವರಿಗೂ ಹೇಳಿದರೆ ನಿಮ್ಮ ಮನಸ್ಸೂ ಹಗುರಾಗುತ್ತದೆ.

ಈಗ ಆ 3,000ದ ಮಾತು. ಅದು ಪ್ರೀತಿಯಿಂದ ಬಿಟ್ಟದ್ದೇ ಇರಬೇಕು, ನನಗೆ ಅನುಮಾನವಿಲ್ಲ. ಆದರೂ ನೀವು ಬರೆಯುವವರೆಂದು ಗೊತ್ತಿದ್ದಾಗ ಬಿಟ್ಟ ಹಣ ಅದು, ಓದುಗರಿಗೆ ತಿಳಿದಿರಬೇಕು. ಸಾಮಾಜಿಕ ಜಾಲತಾಣಗಳಲ್ಲಿ ಪ್ರಚಾರ ಮಾಡುವವರಿಗಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಪುಕ್ಕಟೆ ಪ್ರವಾಸ ಮತ್ತು ಹೋಟೆಲ್ ವಾಸವನ್ನೂ ಬಹಿರಂಗಪಡಿಸಬೇಕಾದ ಸಂಬಂಧಗಳಲ್ಲಿ ಎಣಿಸಿದ್ದಾರೆ. ಪತ್ರಿಕೆಯ ಲೇಖನಕ್ಕೂ ಅದೇ ಮರ್ಯಾದೆ ಒಪ್ಪುತ್ತದೆ. ಎರಡು ದಾರಿಗಳಿವೆ. ಹಣ ಕಳಿಸಿ ‘ಅಕ್ಕಾ, ಬರೆಯುತ್ತಿರುವುದರಿಂದ ನಾನು ಕೊಡಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ’ ಎನ್ನಿ. ಅದು ಅವರ ಮನಸ್ಸು ನೋಯಿಸುತ್ತದೆ ಅನಿಸಿದರೆ ಲೇಖನದಲ್ಲಿ ಒಂದು ಸಾಲು ಸೇರಿಸಿ: ‘ನಾನು ಬರೆಯುತ್ತೇನೆಂದು ಮನೆಯವರಿಗೆ ತಿಳಿದಿತ್ತು, ಮಗನ ಶುಲ್ಕ ಅವರು ತೆಗೆದುಕೊಳ್ಳಲಿಲ್ಲ, ಸಾಮಾನ್ಯವಾಗಿ ಮಕ್ಕಳಿಗೆ ಅರ್ಧ ದರ.’ ನನ್ನನ್ನು ಕೇಳಿದರೆ ಎರಡನ್ನೂ ಮಾಡಿ, ಅವರಿಗೆ ತಿಳಿದಿತ್ತು ಎನ್ನುವುದನ್ನಂತೂ ಬಿಡಬೇಡಿ. ನಿಮ್ಮ ತಟ್ಟೆಗೆ ಬಿದ್ದ ಪಂದಿ ಕರಿ ಎಲ್ಲರ ತಟ್ಟೆಗೂ ಬೀಳುವುದೇ ಎಂದು ಓದುಗರು ತೂಗಿ ನೋಡಲು ಅದು ಬೇಕು.

ಸಂಪಾದಕರ ಜೊತೆ ಮಾತಾಡುವುದನ್ನು ನೀವು ಮುಂದೂಡುತ್ತಿದ್ದೀರಿ ಎಂದು ಕಾಗದ ಓದಿದಾಗ ಅನಿಸಿತು. ಅವರನ್ನು ಎದುರಾಳಿ ಎಂದುಕೊಳ್ಳಬೇಡಿ. ‘ಸ್ವರ್ಗ’ ಬೇಕೆಂದವರಿಗೆ ಬೇಕಾಗಿರುವುದು ಓದಿಸಿಕೊಂಡು ಹೋಗುವ ಲೇಖನ. ಬರೆದು ಮುಗಿಸುವವರೆಗೆ ಕಾಯದೆ ಈಗಲೇ ಹೇಳಿ: ಊಟ ಮತ್ತು ಮನೆಯವರ ಬಗ್ಗೆ ಮನಸಾರೆ ಬರೆಯುತ್ತೇನೆ, ಟ್ರಾಫಿಕ್ಕು ಮತ್ತು ಪೂರ್ತಿ ಖರ್ಚನ್ನೂ ಕೊಡುತ್ತೇನೆ, ಮಗನ ಶುಲ್ಕದ ವಿಷಯ ಹೀಗೆ. ಜಾಗ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಕೊನೆಯ ಪ್ಯಾರಾಗಳಿಗೆ. ಹಾಗಾಗಿ ತೊಂದರೆಗಳನ್ನೆಲ್ಲ ಕೊನೆಗೆ ‘ಗಮನಿಸಿ’ ಎಂಬ ಪಟ್ಟಿ ಮಾಡಿ ಇಡಬೇಡಿ. ನೀವು ಗೇಟಿನಿಂದ ತೋಟದೊಳಗೆ ಬರುವ ಸಾಲಿನಲ್ಲೇ ಕಾರಿನ ಅಡಿ ತಾಗಲಿ, ಮಲಗುವ ಸಾಲಿನಲ್ಲೇ ಪಕ್ಕದ ಹಾಡು ಕೇಳಲಿ, ಮರುದಿನ ಕಾಫಿ ಕುಡಿಯುವಾಗ ಅಕ್ಕ ಅದಕ್ಕೆ ಏನಂದರೋ ಅದೂ ಬರಲಿ. ಆಗ ಯಾರಿಗೂ ಅದನ್ನು ಕಿತ್ತುಹಾಕಲು ಸುಲಭವಾಗುವುದಿಲ್ಲ, ಓದುವವರಿಗೂ ದೂರಿನ ಪಟ್ಟಿ ಓದಿದಂತಾಗುವುದಿಲ್ಲ. ಇಷ್ಟು ಹೇಳಿದ ಮೇಲೂ ಬರೀ ಹೊಗಳಿಕೆಯೇ ಬೇಕೆಂದು ಅವರು ಪಟ್ಟುಹಿಡಿದರೆ ಲೇಖನ ಹಿಂತೆಗೆದುಕೊಂಡು ಬೇರೆ ಪತ್ರಿಕೆಗೆ ಕಳಿಸಬಹುದು, ಅದೇನೂ ದೊಡ್ಡ ಜಗಳವಾಗಬೇಕಾಗಿಲ್ಲ.

ಯಾರಿಗೆ ಈ ಮನೆ ಸರಿಹೊಂದುವುದಿಲ್ಲ ಎಂದೂ ಎರಡು ಸಾಲು ಬರೆಯಿರಿ. ಸಿಗ್ನಲ್ ಇಲ್ಲದಿರುವುದು ನಿಮಗೆ ತೊಂದರೆ, ಆದರೆ ಪುಸ್ತಕ ಹಿಡಿದು ಕೂರುವವರಿಗೆ ಅದೇ ಬೇಕು. ವಾರಾಂತ್ಯದಲ್ಲೂ ಆಫೀಸಿನ ಫೋನಿಗೆ ಸಿಗಬೇಕಾದವರು, ಆಗಾಗ ವೈದ್ಯರನ್ನು ಕಾಣಬೇಕಾದ ಹಿರಿಯರಿರುವವರು, ನೆಲಕ್ಕೆ ತಾಗುವಂಥ ಕಾರಿನವರು ಬೇರೆ ಕಡೆ ನೋಡುವುದು ಒಳ್ಳೆಯದು ಎನ್ನಿ. ಹೀಗೆ ಬರೆದರೆ ಅಕ್ಕನಿಗೂ ನಷ್ಟವಿಲ್ಲ. ಹೊಂದದವರು ಬಂದು ಮುಖ ಸಿಂಡರಿಸಿಕೊಂಡು ಹೋಗುವುದಕ್ಕಿಂತ, ಗೊತ್ತಿದ್ದು ಬರುವ ನಾಲ್ಕು ಜನ ಒಂದು ಮನೆಗೆ ಮೇಲು. ಹಾಗೆಯೇ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂದು ಅವರನ್ನು ಕೇಳಿ, ಬೇಕಾದರೆ ಮಡಿಕೇರಿಯ ಇಲಾಖಾ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ನೋಂದಣಿಯಿಲ್ಲದ ಹೋಂಸ್ಟೇಗಳ ಬಗ್ಗೆ ಕೊಡಗಿನಲ್ಲೇ ದೂರುಗಳಿವೆ. 2018ರ ಆಗಸ್ಟಿನ ಭೂಕುಸಿತವನ್ನು ಕಂಡ ಜಿಲ್ಲೆ ಅದು, ಮಳೆಗಾಲದಲ್ಲಿ ಹೋಗುವವರು ಜಿಲ್ಲಾಡಳಿತದ ಸೂಚನೆ ನೋಡಿಕೊಂಡೇ ಹೊರಡಬೇಕೆಂದು ಬರೆಯುವುದು ಹೆದರಿಸುವುದಲ್ಲ.

ಇಂಥದೇ ಲೇಖನ ಹಿಡಿದು ಕೂತಿರುವ ಬೇರೆಯವರೂ ಇದನ್ನು ಓದುತ್ತಿರಬಹುದು, ಅವರಿಗೂ ಒಂದು ಮಾತು. ಮನೆಯವರು ಪ್ರೀತಿಯಿಂದ ಕರೆದೊಯ್ದು ಪಕ್ಕದ ತೋಟದ ಹಳ್ಳದಂಥ ಜಾಗ ತೋರಿಸಿದ್ದರೆ, ಅದರ ಗುರುತು ಬರೆಯಬೇಡಿ. ಅದು ಒಬ್ಬರ ಜಮೀನು. ಲೇಖನ ಬಂದ ಮೇಲೆ ಅಲ್ಲಿಗೂ ಕಾರು ಬಂದರೆ ನೀವೇ ಆ ಜನಸಂದಣಿಗೆ ಜಾಗ ತೋರಿಸಿದಂತೆ. ಎಲ್ಲವನ್ನೂ ಹೇಳಿಬಿಡುವುದು ಪ್ರಾಮಾಣಿಕತೆ ಅಲ್ಲ, ಹೇಳದಿದ್ದರೆ ಓದುಗರಿಗೆ ನಷ್ಟವಾಗುವುದನ್ನು ಬಚ್ಚಿಡಬಾರದು ಅಷ್ಟೇ.

ನಿದ್ದೆಯ ಬಗ್ಗೆ ಬರೆದಿದ್ದೀರಿ, ಅದನ್ನು ಹಗುರಾಗಿ ಕಾಣಲಾರೆ. ಅಕ್ಕನಿಗೆ ಮತ್ತು ಸಂಪಾದಕರಿಗೆ ಫೋನ್ ಮಾಡಿದ ಮೇಲೆ ಅದು ತಾನಾಗಿ ಸರಿಹೋಗುವ ಸಾಧ್ಯತೆ ಹೆಚ್ಚು. ಇಷ್ಟೆಲ್ಲ ಆಗಿಯೂ ಇನ್ನೆರಡು ವಾರ ಹೀಗೇ ಮುಂದುವರಿದರೆ, ಅಥವಾ ಬೇರೆ ಕೆಲಸಗಳಲ್ಲೂ ಇದೇ ಥರ ‘ಯಾರಿಗೋ ನೋವಾಗುತ್ತದೆ’ ಎಂಬ ಭಯ ಕಟ್ಟಿಹಾಕುತ್ತಿದ್ದರೆ, ನಿಮ್ಮ ವೈದ್ಯರನ್ನು ಕಾಣಿ. ಟೆಲಿಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಇವತ್ತು ಸಂಜೆ ಅಕ್ಕನಿಗೆ ಫೋನ್ ಮಾಡುವುದರಿಂದ ಶುರುಮಾಡಿ, ಬಿಸಿನೀರಿನ ಪ್ರಶ್ನೆ ಕೇಳಿ. ಲೇಖನ ಅಚ್ಚಾಗುವ ಹಿಂದಿನ ದಿನ ಮತ್ತೊಮ್ಮೆ ಮಾಡಿ, ಟ್ರಾಫಿಕ್ಕು, ರಸ್ತೆ, ಖರ್ಚು ಎಲ್ಲ ಬರೆದಿದ್ದೇನೆ, ನೀವು ಹೇಳಿದ ಕಾರಣವನ್ನೂ ಬರೆದಿದ್ದೇನೆ ಎಂದು ಮೊದಲೇ ತಿಳಿಸಿ. ಬೇರೆ ಯಾರೋ ಪತ್ರಿಕೆ ತೋರಿಸಿದಾಗ ಅವರಿಗೆ ಮೊದಲ ಬಾರಿ ಗೊತ್ತಾಗುವಂತೆ ಆಗದಿರಲಿ.